ಫ್ಯಾಂಟಸಿ ಕ್ರಿಕೆಟ್: ಕೌಶಲ ಯಾರದ್ದು, ದುಡ್ಡು ಯಾರದ್ದು?

ಇಶಾ ನಮಾಝ್ ಮುಗಿದ ಮೇಲೆ ಮಸೀದಿಯ ಹೊರಗಿನ ಕಟ್ಟೆಯಲ್ಲಿ ಸ್ವಲ್ಪ ಹೊತ್ತು ಕೂರುವುದು ನಮ್ಮ ರೂಢಿ. ಅಲ್ಲಿಗೆ ಬಂದು ಕೂತವನು ಹಿಂದೆ ನಮ್ಮ ಬಳಿಯೇ ಮದ್ರಸ ಕಲಿತ ಹುಡುಗ. ಈಗ ಡಿಗ್ರಿ ಎರಡನೇ ವರ್ಷ. ಸುತ್ತಿ ಬಳಸಿ ಮಾತಾಡುವ ಜಾಯಮಾನ ಅವನದ್ದಲ್ಲ. ನೇರವಾಗಿ ಕೇಳಿದ: "ಉಸ್ತಾದ್, ಫ್ಯಾಂಟಸಿ ಕ್ರಿಕೆಟ್ ಜೂಜಲ್ಲ, ಕೌಶಲದ ಆಟ ಅಂತ ಹೈಕೋರ್ಟೇ ಹೇಳಿತ್ತು. ನೀವು ಜುಮಾದ ದಿನ ಅದನ್ನು ಜೂಜು ಅಂದ್ರಿ. ಈಗ ಸರಕಾರ ಬಂದ್ ಮಾಡಿದೆ. ಹಾಗಾದ್ರೆ ಕೋರ್ಟ್ ಹೇಳಿದ್ದು ಸುಳ್ಳಾ?"

ಪ್ರಶ್ನೆಯಲ್ಲಿ ಕುಚೋದ್ಯ ಇರಲಿಲ್ಲ. ನಮ್ಮ ಬಳಿ ಉತ್ತರವೂ ಇರಲಿಲ್ಲ. "ಇದೆಲ್ಲಾ ಅದೃಷ್ಟದ ಆಟ ಮಗಾ" ಎಂದು ಹೇಳಿ ಕಳಿಸಬಹುದಿತ್ತು. ಆದರೆ ಅವನು ಆ ಆಟ ಆಡಿದವನು, ನಾವು ನೋಡಿಯೂ ಗೊತ್ತಿಲ್ಲದವರು. ಒಂದು ವಾರ ಸಮಯ ಕೊಡು ಎಂದೆವು. ಮರುದಿನ ಅವನನ್ನೇ ಕೂರಿಸಿ ಮೊಬೈಲಿನಲ್ಲಿ ಆಟ ತೋರಿಸಲು ಹೇಳಿದೆವು. ಪರಿಚಯದ ವಕೀಲರೊಬ್ಬರ ಬಳಿ ತೀರ್ಪುಗಳ ಬಗ್ಗೆ ಕೇಳಿದೆವು. ಆ ಒಂದು ವಾರದಲ್ಲಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಮನೆಯಲ್ಲಿ ಗಂಡು ಮಕ್ಕಳಿರುವ ಉಮ್ಮ, ಬಾಪಂದಿರಿಗೆ ಇದು ಬೇಕಾದ ವಿಷಯ.

ಆಟ ನಡೆಯುವ ರೀತಿ ಹೀಗೆ. ಒಂದು ಪಂದ್ಯ ಶುರುವಾಗುವ ಮುಂಚೆ ಎರಡೂ ತಂಡಗಳ ಆಟಗಾರರಿಂದ ಹನ್ನೊಂದು ಮಂದಿಯನ್ನು ನೀವು ಆರಿಸಬೇಕು. ಪ್ರತಿ ಆಟಗಾರನಿಗೂ ಒಂದು ಬೆಲೆ ಇದೆ. ಒಟ್ಟು ಬೆಲೆ ನೂರನ್ನು ಮೀರಬಾರದು. ಹಾಗಾಗಿ ಎಲ್ಲಾ ದೊಡ್ಡ ಹೆಸರುಗಳನ್ನು ಒಟ್ಟಿಗೆ ಹಾಕಲು ಆಗುವುದಿಲ್ಲ, ಎಲ್ಲೋ ಒಂದು ಕಡೆ ಕಡಿಮೆ ಬೆಲೆಯ ಹುಡುಗನನ್ನು ಹುಡುಕಬೇಕು. ಪಂದ್ಯದಲ್ಲಿ ಆ ಆಟಗಾರರು ಹೊಡೆದ ರನ್, ತೆಗೆದ ವಿಕೆಟ್, ಹಿಡಿದ ಕ್ಯಾಚ್ ಇವಕ್ಕೆಲ್ಲಾ ಅಂಕ. ಹನ್ನೊಂದು ಮಂದಿಯಲ್ಲಿ ಒಬ್ಬನನ್ನು ಕ್ಯಾಪ್ಟನ್ ಮಾಡಿದರೆ ಅವನ ಅಂಕ ಎರಡು ಪಟ್ಟು, ವೈಸ್ ಕ್ಯಾಪ್ಟನ್‌ನದ್ದು ಒಂದೂವರೆ ಪಟ್ಟು. ಎಲ್ಲರ ಅಂಕ ಕೂಡಿಸಿ ಯಾರದ್ದು ಹೆಚ್ಚೋ ಅವರು ಮೇಲೆ.

ಇದರಲ್ಲಿ ಕ್ಯಾಪ್ಟನ್ ಆರಿಸುವುದೇ ದೊಡ್ಡ ಕೆಲಸ ಎಂದು ಹುಡುಗ ವಿವರಿಸಿದ. ಇಬ್ಬರು ಗೆಳೆಯರು ಅದೇ ಹನ್ನೊಂದು ಮಂದಿಯನ್ನು ಆರಿಸಿದ್ದಾರೆ ಅಂತಿಟ್ಟುಕೊಳ್ಳಿ. ತಂಡದ ಒಬ್ಬ ಬ್ಯಾಟರ್ 80 ಅಂಕ ತಂದ, ಒಬ್ಬ ಬೌಲರ್ 30 ಅಂಕ ತಂದ. ಒಬ್ಬ ಗೆಳೆಯ ಬ್ಯಾಟರನ್ನು ಕ್ಯಾಪ್ಟನ್ ಮಾಡಿ ಬೌಲರನ್ನು ವೈಸ್ ಮಾಡಿದ್ದ. ಅವನಿಗೆ 160 ಮತ್ತು 45, ಒಟ್ಟು 205. ಇನ್ನೊಬ್ಬ ಉಲ್ಟಾ ಮಾಡಿದ್ದ. ಅವನಿಗೆ 60 ಮತ್ತು 120, ಒಟ್ಟು 180. ಉಳಿದ ಒಂಬತ್ತು ಮಂದಿ ಇಬ್ಬರಿಗೂ ಸಮಾನ. ಆದರೂ 25 ಅಂಕದ ವ್ಯತ್ಯಾಸ. ಸಾವಿರಾರು ಮಂದಿ ಇರುವ ಸ್ಪರ್ಧೆಯಲ್ಲಿ 25 ಅಂಕ ಅಂದರೆ ಒಬ್ಬ ದುಡ್ಡು ಸಿಗುವ ಸಾಲಿನಲ್ಲಿ, ಇನ್ನೊಬ್ಬ ಎಷ್ಟೋ ಕೆಳಗೆ.

ಇನ್ನು ದುಡ್ಡಿನ ಕಡೆ ಬರೋಣ. ಸ್ಪರ್ಧೆಗೆ ಸೇರಲು ಪ್ರವೇಶ ಶುಲ್ಕ. ಎಲ್ಲರ ಶುಲ್ಕ ಒಟ್ಟಾದ ಮೇಲೆ ಕಂಪೆನಿ ತನ್ನ ಪಾಲು ತೆಗೆದು ಉಳಿದದ್ದನ್ನು ಬಹುಮಾನವಾಗಿ ಹಂಚುತ್ತದೆ. ಈ ಬಹುಮಾನದ ಮೊತ್ತ ಕಂಪೆನಿಯ ಕಿಸೆಯಿಂದ ಬಂದದ್ದಲ್ಲ, ಆಡುವವರದ್ದೇ. ಲೆಕ್ಕ ಮಾಡಲು ಸುಲಭವಾಗುವಂತೆ ನಾವೇ ಒಂದು ಸ್ಪರ್ಧೆ ಕಟ್ಟಿ ನೋಡಿದೆವು. ಹತ್ತು ಸಾವಿರ ಮಂದಿ ತಲಾ 50 ರೂಪಾಯಿ ಹಾಕಿದರು. ಒಟ್ಟು 5 ಲಕ್ಷ. ಕಂಪೆನಿಯ ಪಾಲು ನೂರಕ್ಕೆ ಹದಿನೈದು ಎಂದಿಟ್ಟರೆ 75 ಸಾವಿರ ಹೋಯಿತು. ಉಳಿದದ್ದು 4.25 ಲಕ್ಷ. ಅದರಲ್ಲಿ ಮೊದಲ ಸ್ಥಾನಕ್ಕೆ 1 ಲಕ್ಷ, ಆಮೇಲಿನ 99 ಮಂದಿಗೆ ಒಟ್ಟು 1.25 ಲಕ್ಷ, ಅವರ ನಂತರದ ಎರಡು ಸಾವಿರ ಮಂದಿಗೆ ತಲಾ 100 ರೂಪಾಯಿ. ಅಲ್ಲಿಗೆ ದುಡ್ಡು ಮುಗಿಯಿತು. ಉಳಿದ 7,900 ಮಂದಿಯ 50 ರೂಪಾಯಿ ಹೋಯಿತು.

ಜಾಹೀರಾತಿನಲ್ಲಿ ಕಾಣುವುದು ಆ ಒಂದು ಲಕ್ಷದವನ ಮುಖ. ಗೆದ್ದವರಲ್ಲಿ ಹೆಚ್ಚಿನವರು ಗಳಿಸಿದ್ದು 50 ರೂಪಾಯಿ ಮಾತ್ರ. ಹತ್ತು ಸಾವಿರ ಮಂದಿಯನ್ನು ಒಟ್ಟಾಗಿ ನೋಡಿದರೆ 50 ಹಾಕಿದವನಿಗೆ ಸರಾಸರಿ 42 ರೂಪಾಯಿ 50 ಪೈಸೆ ವಾಪಸ್ ಬಂತು. ಬಂದದ್ದನ್ನು ಮತ್ತೆ ಹಾಕಿ, ಮತ್ತೆ ಹಾಕಿ ಆಡುತ್ತಾ ಹೋದರೆ 100 ರೂಪಾಯಿ ನಾಲ್ಕು ಸುತ್ತಿನಲ್ಲಿ ಸರಾಸರಿ 52ಕ್ಕೆ ಇಳಿಯುತ್ತದೆ. ಹತ್ತು ಸುತ್ತು ಆಗುವಾಗ 20 ರೂಪಾಯಿಯೂ ಉಳಿಯುವುದಿಲ್ಲ. ಇದರಲ್ಲಿ ಮೋಸ ಏನೂ ಇಲ್ಲ, ಕಂಪೆನಿ ಎಲ್ಲವನ್ನೂ ಪ್ರಾಮಾಣಿಕವಾಗಿ ನಡೆಸಿದರೂ ಲೆಕ್ಕ ಹೀಗೆಯೇ. ತೆರಿಗೆ ಇದಕ್ಕಿಂತ ಬೇರೆ. 2023ರ ಅಕ್ಟೋಬರ್‌ನಿಂದ ಹಾಕುವ ಹಣದ ಮೇಲೆ ಶೇ. 28 ಜಿಎಸ್‌ಟಿ ಬಂದಿತ್ತು. ಅಂದರೆ 100 ರೂಪಾಯಿ ಹಾಕಿದರೆ ಸುಮಾರು 22 ರೂಪಾಯಿ ತೆರಿಗೆಗೆ. ಗೆದ್ದ ಲಾಭದ ಮೇಲೆ ಶೇ. 30 ಟಿಡಿಎಸ್ ಇನ್ನೊಂದು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಕೌಶಲವೋ, ಅದೃಷ್ಟವೋ?

ಈ ವಾದ ಎಲ್ಲಿಂದ ಹುಟ್ಟಿತು ಎಂದು ಹುಡುಕಿದರೆ ಆಶ್ಚರ್ಯ, ಬೆಂಗಳೂರಿಗೆ ಬಂದು ನಿಲ್ಲುತ್ತದೆ. ಸ್ವಾತಂತ್ರ್ಯ ಬಂದ ಕಾಲದಲ್ಲಿ ಬೆಂಗಳೂರಿನಲ್ಲಿ ಮುದ್ರಣವಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ಪತ್ರಿಕೆ ಪದಬಂಧ ಸ್ಪರ್ಧೆ ನಡೆಸುತ್ತಿತ್ತು. ಪ್ರವೇಶ ಶುಲ್ಕ ಕಟ್ಟಿ ಉತ್ತರ ಕಳಿಸಬೇಕು, ಸರಿಯಿದ್ದರೆ ಬಹುಮಾನ. ನಡೆಸುತ್ತಿದ್ದವರು ಆರ್.ಎಂ.ಡಿ. ಚಮಾರ್‌ಬಾಗ್‌ವಾಲಾ. ಪತ್ರಿಕೆ ಬಾಂಬೆ ರಾಜ್ಯದಲ್ಲಿ ಚೆನ್ನಾಗಿ ಮಾರಾಟವಾಗುತ್ತಿತ್ತು. ಆ ರಾಜ್ಯ ಸರಕಾರ ತೆರಿಗೆ ಹಾಕಿತು, ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1957ರಲ್ಲಿ ಬಂದ ತೀರ್ಪು ಸ್ಪರ್ಧೆಗಳನ್ನು ಎರಡಾಗಿ ಒಡೆಯಿತು. ಕೌಶಲ ಗಣನೀಯವಾಗಿ ಇರುವ ಸ್ಪರ್ಧೆ ವ್ಯಾಪಾರ, ಅದಕ್ಕೆ ಸಂವಿಧಾನದ ರಕ್ಷಣೆ ಇದೆ. ಕೌಶಲ ಇಲ್ಲದ್ದು ಜೂಜು, ಅದು ವ್ಯಾಪಾರವೇ ಅಲ್ಲ. ಆ ಪದಬಂಧವನ್ನು ಕೋರ್ಟ್ ಜೂಜಿನ ಕಡೆಗೇ ಹಾಕಿತು. ಆದರೆ ಅಂದು ಹಾಕಿದ ಗೆರೆ ಉಳಿಯಿತು. 1967ರಲ್ಲಿ ರಮ್ಮಿ, 1996ರಲ್ಲಿ ಕುದುರೆ ರೇಸ್ ಗೆರೆಯ ಈ ಕಡೆ, ಅಂದರೆ ಕೌಶಲದ ಕಡೆ ಬಂದವು.

ಫ್ಯಾಂಟಸಿ ಆಟದ ಸರದಿ 2017ರಲ್ಲಿ ಬಂತು. ಡ್ರೀಮ್ 11ರಲ್ಲಿ ಆಡಿ ದುಡ್ಡು ಕಳೆದುಕೊಂಡ ವ್ಯಕ್ತಿಯೊಬ್ಬರು ಇದು ಜೂಜು ಎಂದು ಪಂಜಾಬ್ ಮತ್ತು ಹರ್ಯಾಣ ಹೈಕೋರ್ಟಿಗೆ ಹೋದರು. ಕೋರ್ಟ್ ಒಪ್ಪಲಿಲ್ಲ. ಆಟಗಾರರ ಹಿಂದಿನ ಸಾಧನೆ ತಿಳಿದಿರಬೇಕು, ಯಾರ ಬೆಲೆ ಎಷ್ಟು ಎಂದು ತೂಗಬೇಕು, ಒಂದೇ ತಂಡ ಗೆಲ್ಲುತ್ತದೋ ಸೋಲುತ್ತದೋ ಎಂಬುದರ ಮೇಲೆ ಫಲಿತಾಂಶ ನಿಂತಿಲ್ಲ, ಹಾಗಾಗಿ ಇದು ಕೌಶಲದ್ದೇ ಎಂದಿತು. ಸುಪ್ರೀಂ ಕೋರ್ಟ್ ಕೂಡಾ ಆ ತೀರ್ಪಿನಲ್ಲಿ ಕೈಹಾಕಲಿಲ್ಲ. 2019ರಲ್ಲಿ ಬಾಂಬೆ ಹೈಕೋರ್ಟ್ ಅದನ್ನೇ ಹೇಳಿತು. ನಮ್ಮ ಕರ್ನಾಟಕದಲ್ಲಿ 2021ರ ಅಕ್ಟೋಬರ್‌ನಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿನ ಆನ್‌ಲೈನ್ ಆಟಗಳನ್ನು ಸರಕಾರ ನಿಷೇಧಿಸಿತ್ತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದು ಮಾಡಿತು. ಕೌಶಲದ ಆಟವನ್ನು ಜೂಜಿನ ಸಾಲಿಗೆ ಸೇರಿಸಲು ಆಗುವುದಿಲ್ಲ ಎಂಬುದೇ ಅಲ್ಲಿನ ಮಾತು. ಹುಡುಗ ಹೇಳಿದ್ದು ಇದನ್ನೇ. ಅವನು ಸುಳ್ಳು ಹೇಳಿರಲಿಲ್ಲ.

ನಾವು ಇನ್ನೊಂದು ಮಾತನ್ನೂ ಒಪ್ಪಬೇಕು. "ಇದೆಲ್ಲಾ ಬರೀ ಲಕ್ಕು" ಎಂದು ನಾವು ಮಿಂಬರಿನಲ್ಲಿ ಹೇಳಿದ್ದು ತಪ್ಪು. ಅಮೆರಿಕದ ಎಂಐಟಿಯ ಪ್ರೊಫೆಸರ್ ಆನೆಟ್ ಹೊಸೋಯಿ ಮತ್ತು ಸಂಗಡಿಗರು ಅಲ್ಲಿನ ಫ್ಯಾನ್‌ಡ್ಯುಯೆಲ್ ಎಂಬ ಫ್ಯಾಂಟಸಿ ಕಂಪೆನಿಯ ಮಾಹಿತಿ ಇಟ್ಟುಕೊಂಡು ಇದನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ್ದಾರೆ. ಅವರ ಉಪಾಯ ಸರಳ. ಒಂದು ಸೀಸನ್ನಿನ ಆಟವನ್ನು ಎರಡು ಭಾಗ ಮಾಡುವುದು. ಬರೀ ಅದೃಷ್ಟವಾಗಿದ್ದರೆ ಮೊದಲ ಭಾಗದಲ್ಲಿ ಗೆದ್ದವನು ಎರಡನೇ ಭಾಗದಲ್ಲೂ ಗೆಲ್ಲಬೇಕೆಂದೇನಿಲ್ಲ, ನಾಣ್ಯ ಚಿಮ್ಮಿದ ಹಾಗೆ. ಆದರೆ ಫ್ಯಾಂಟಸಿಯಲ್ಲಿ ಮೊದಲು ಗೆದ್ದವರು ಆಮೇಲೂ ಗೆಲ್ಲುತ್ತಾ ಹೋದರು, ಸೋತವರು ಸೋಲುತ್ತಾ ಹೋದರು. ಹಾಗಾದರೆ ಕೌಶಲ ಇದೆ.

ಇದನ್ನು ಕೇಳಿ ಹುಡುಗನ ಮುಖ ಅರಳಿತು. ಸ್ವಲ್ಪ ತಡಿ ಎಂದೆವು.

ಇದೇ ಮಾತನ್ನು ಇನ್ನೊಂದು ಬದಿಯಿಂದ ನೋಡಿ. ಗೆದ್ದವರೇ ಗೆಲ್ಲುತ್ತಾರೆ ಎಂದರೆ ಸೋತವರೇ ಸೋಲುತ್ತಾರೆ ಎಂದು ಅರ್ಥ. 2015ರಲ್ಲಿ ಅಮೆರಿಕದ ಬೇಸ್‌ಬಾಲ್ ಸೀಸನ್ನಿನ ಮೊದಲ ಅರ್ಧದಲ್ಲಿ ನಡೆದ ಫ್ಯಾಂಟಸಿ ಸ್ಪರ್ಧೆಗಳ ಒಂದು ಲೆಕ್ಕ ಹೊರಗೆ ಬಂದಿತ್ತು. ಆಡುವವರು ಗಳಿಸಿದ ಒಟ್ಟು ಲಾಭದಲ್ಲಿ ಶೇ. 91 ಹೋದದ್ದು ಬರೇ ಶೇ. 1.3 ಮಂದಿಯ ಕೈಗೆ. ಅಂದರೆ ನೂರರಲ್ಲಿ ಒಬ್ಬ, ಒಬ್ಬೂವರೆ. ಅವರು ನಮ್ಮ ಹುಡುಗರ ಹಾಗೆ ಬಸ್ಸಿನಲ್ಲಿ ಕೂತು ಎರಡು ನಿಮಿಷದಲ್ಲಿ ತಂಡ ಕಟ್ಟುವವರಲ್ಲ. ಕಂಪ್ಯೂಟರಿನಲ್ಲಿ ಪ್ರತಿ ಆಟಗಾರನ ಲೆಕ್ಕ ಇಟ್ಟು, ಒಂದೇ ಸ್ಪರ್ಧೆಗೆ ಬೇರೆ ಬೇರೆ ಕ್ಯಾಪ್ಟನ್ ಇಟ್ಟು ಹತ್ತಾರು ತಂಡ ಹಾಕುವವರು. ಒಂದು ಸೋತರೆ ಇನ್ನೊಂದು ಎತ್ತುತ್ತದೆ. ಅವರಿಗೆ ಇದು ಉದ್ಯೋಗ.

ಹೀಗಾಗಿ ನಮಗೆ ಕಂಡದ್ದು ಒಂದು ವಿಚಿತ್ರ. ಕೋರ್ಟಿನಲ್ಲಿ ಕಂಪೆನಿಗಳು "ಇದು ಕೌಶಲ" ಎಂದು ವಾದಿಸುತ್ತವೆ. ಆ ವಾದ ಎಷ್ಟು ನಿಜವೋ ಅಷ್ಟೇ ಹೊಸಬನಿಗೆ ಅಪಾಯ. ಬರೀ ಅದೃಷ್ಟದ ಆಟವಾಗಿದ್ದರೆ ನಾವು ಮೇಲೆ ಕಟ್ಟಿದ ಸ್ಪರ್ಧೆಯಲ್ಲಿ ಎಲ್ಲರಿಗೂ ಒಂದೇ ಅವಕಾಶ, ಐದರಲ್ಲಿ ಒಮ್ಮೆಯಾದರೂ ಏನಾದರೂ ಸಿಗುತ್ತಿತ್ತು. ಕೌಶಲದ ಆಟವಾದ್ದರಿಂದ ಅಷ್ಟೂ ಇಲ್ಲ. ಹಾಗಂತ ಅದೃಷ್ಟ ಪೂರಾ ಇಲ್ಲ ಅಂತಲೂ ಅಲ್ಲ. ಒಂದು ರಾತ್ರಿಯ ಪಂದ್ಯದಲ್ಲಿ ಟಾಸ್, ಇಬ್ಬನಿ, ಮೊದಲ ಬಾಲಿಗೇ ರನ್ ಔಟ್ ಇವೆಲ್ಲಾ ಆಟ ತಿರುಗಿಸುತ್ತವೆ. ಆದ್ದರಿಂದಲೇ ಹೊಸಬನೂ ಅಪರೂಪಕ್ಕೊಮ್ಮೆ ಗೆಲ್ಲುತ್ತಾನೆ. ಅಪರೂಪದ ಆ ಗೆಲುವೇ ಅವನನ್ನು ಹಿಡಿದಿಡುವುದು. ಒಂದು ರಾತ್ರಿ ಅದೃಷ್ಟ ಕಾಣುತ್ತದೆ, ಸೀಸನ್ ಮುಗಿಯುವಾಗ ಕೌಶಲ ಕಾಣುತ್ತದೆ.

ನಾವು ಹುಡುಗನಿಗೆ ಒಂದು ಕೆಲಸ ಕೊಟ್ಟೆವು. ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆದು ಒಂದು ಐಪಿಎಲ್ ಸೀಸನ್ನಿನಲ್ಲಿ ಹೋದದ್ದೆಷ್ಟು, ಬಂದದ್ದೆಷ್ಟು ಬರೆದು ತಾ ಎಂದೆವು. "ಅಲ್ಲಿಂದಲ್ಲಿಗೆ ಆಗಿದೆ ಉಸ್ತಾದ್, ಲಾಸ್ ಏನಿಲ್ಲ" ಎಂದು ಅವನ ಅಂದಾಜು. ಬರೆದು ತಂದ. 49 ರೂಪಾಯಿಯಂತೆ 123 ಸಲ ಹೋಗಿದೆ. 6,027 ರೂಪಾಯಿ. ಬಂದದ್ದು 3,910. ಅದರಲ್ಲಿ 1,250 ಒಂದೇ ರಾತ್ರಿಯದ್ದು. ಆ ರಾತ್ರಿ ಗೆಳೆಯರಿಗೆಲ್ಲಾ ಶವರ್ಮ ಕೊಡಿಸಿದ್ದು ಅವನಿಗೆ ನೆನಪಿದೆ. 49 ಹೋದ ರಾತ್ರಿಗಳು ಒಂದೂ ನೆನಪಿಲ್ಲ. ಎರಡು ಸಾವಿರ ಚಿಲ್ಲರೆ ದೊಡ್ಡ ಮೊತ್ತ ಅಲ್ಲ, ಮನೆ ಮುಳುಗಿಲ್ಲ. ಆದರೆ ಅವನು ತನ್ನ ಲೆಕ್ಕವನ್ನು ತಾನೇ ಅಷ್ಟು ತಪ್ಪಾಗಿ ನಂಬಿದ್ದ. ಮಕ್ಕಳ ಖಾತೆ ನೋಡುವ ಹಿರಿಯರು ಗಮನಿಸಬೇಕಾದದ್ದು ಇದನ್ನೇ. ದೊಡ್ಡ ಮೊತ್ತ ಹುಡುಕಬೇಡಿ. ಪಂದ್ಯವಿರುವ ದಿನ ಸಂಜೆ ಏಳು ಗಂಟೆಯ ಆಸುಪಾಸಿನಲ್ಲಿ ಹೋಗುವ ಮೂವತ್ತು, ಐವತ್ತು, ನೂರರ ಸಾಲು ಹುಡುಕಿ.

ಇಷ್ಟಾದ ಮೇಲೆ ನಾವು ನಮ್ಮ ಕಿತಾಬ್ ತೆರೆದೆವು. ನಮ್ಮ ಶಾಫಿಈ ಫಿಕ್ಹ್‌ನಲ್ಲಿ ಕುದುರೆ ಓಟ ಮತ್ತು ಬಿಲ್ಲುಗಾರಿಕೆಯ ಸ್ಪರ್ಧೆಗೆಂದೇ ಒಂದು ಅಧ್ಯಾಯ ಇದೆ. ದರ್ಸ್‌ನಲ್ಲಿ ಅದನ್ನು ಓದಿದಾಗ ಇದೆಲ್ಲಾ ಯಾವ ಕಾಲದ ಮಾತೋ ಎಂದು ಬೇಗ ದಾಟಿದ್ದೆವು. ಈಗ ಓದಿದರೆ ಈ ಆ್ಯಪ್‌ಗಳ ಬಗ್ಗೆಯೇ ಬರೆದ ಹಾಗಿದೆ.

ಬಿಲ್ಲುಗಾರಿಕೆಗಿಂತ ಕೌಶಲದ ಕೆಲಸ ಇನ್ನೊಂದು ಬೇಕಾ? ಅದರಲ್ಲಿ ಅದೃಷ್ಟ ಬಹಳ ಕಡಿಮೆ. ಹಾಗಿದ್ದೂ ಫುಕಹಾ ಪಂಡಿತರು ಅಲ್ಲಿ ಕೇಳಿದ ಪ್ರಶ್ನೆ ಕೌಶಲ ಎಷ್ಟು ಎಂಬುದಲ್ಲ. ಪಣದ ದುಡ್ಡು ಎಲ್ಲಿಂದ ಬಂತು ಎಂಬುದು. ಆಳುವವನು ಬಹುಮಾನ ಕೊಟ್ಟರೆ ಆಗಬಹುದು. ಇಬ್ಬರಲ್ಲಿ ಒಬ್ಬನೇ ಪಣ ಇಟ್ಟು, "ನೀನು ಗೆದ್ದರೆ ನಿನಗೆ, ನಾನು ಗೆದ್ದರೆ ನನ್ನದು ನನಗೇ" ಎಂದರೂ ಆಗಬಹುದು. ಆದರೆ ಇಬ್ಬರೂ ದುಡ್ಡಿಟ್ಟು ಗೆದ್ದವನು ಎರಡನ್ನೂ ಎತ್ತುವುದಾದರೆ ಅದು ಖಿಮಾರ್, ಅಂದರೆ ಜೂಜು. ಕಾರಣ, ಪ್ರತಿಯೊಬ್ಬನೂ ಇನ್ನೊಬ್ಬನ ದುಡ್ಡು ಎತ್ತುವ ಅಥವಾ ತನ್ನದನ್ನು ಕಳೆದುಕೊಳ್ಳುವ ಸ್ಥಿತಿಯಲ್ಲಿ ನಿಂತಿದ್ದಾನೆ. ಅದನ್ನು ಸರಿಪಡಿಸಲು ಒಂದೇ ದಾರಿ ಹೇಳಿದ್ದಾರೆ. ಏನೂ ಪಣ ಇಡದ, ಆದರೆ ಅವರಷ್ಟೇ ಸಮರ್ಥನಾದ ಮೂರನೆಯವನೊಬ್ಬ ಸ್ಪರ್ಧೆಗೆ ಇಳಿಯಬೇಕು. ಅವನು ಗೆದ್ದರೆ ಎತ್ತುತ್ತಾನೆ, ಸೋತರೆ ಕೊಡುವುದೇನಿಲ್ಲ. ಅವನಿಗೆ ಮುಹಲ್ಲಿಲ್ ಎಂದು ಹೆಸರು. ಇದೂ ಕೂಡಾ ಕುದುರೆ, ಒಂಟೆ, ಬಾಣದಂಥ, ಯುದ್ಧ ತರಬೇತಿಗೆ ಬೇಕಾದ ಸ್ಪರ್ಧೆಗಳಿಗೆ ಮಾತ್ರ. ಓಡುವವನಿಗೂ ಬಾಣ ಬಿಡುವವನಿಗೂ ಹೇಳಿದ್ದು. ಬದಿಯಲ್ಲಿ ನಿಂತು ನೋಡುವವನ ಪಣಕ್ಕೆ ಅಲ್ಲಿ ಜಾಗವೇ ಇಲ್ಲ. ಫ್ಯಾಂಟಸಿ ಆಡುವವನು ಬ್ಯಾಟ್ ಹಿಡಿದವನಲ್ಲ, ಬೌಲ್ ಮಾಡಿದವನಲ್ಲ. ಬೇರೆಯವರ ಆಟದ ಮೇಲೆ ಹತ್ತು ಸಾವಿರ ಮಂದಿ ಪಣ ಇಟ್ಟು ಗೆದ್ದವರು ಎತ್ತುವುದು.

ಹುಡುಗನ ಗೊಂದಲ ಇಲ್ಲಿಗೆ ಬಿಚ್ಚಿಕೊಂಡಿತು. ಕೋರ್ಟ್ ಕೇಳಿದ್ದು, ಗೆಲುವು ಬುದ್ಧಿಯಿಂದ ಬಂತೋ, ಇಲ್ಲವೋ ಎಂದು. ಅದಕ್ಕೆ ಹೌದು ಎಂಬ ಉತ್ತರ ಸಿಕ್ಕಿತು. ಫಿಕ್ಹ್ ಕೇಳುವುದು, ಗೆದ್ದ ದುಡ್ಡು ಯಾರ ಕಿಸೆಯಿಂದ ಬಂತು ಎಂದು. ಎರಡೂ ಬೇರೆ ಬೇರೆ ಪ್ರಶ್ನೆ. ಒಂದರ ಉತ್ತರದಿಂದ ಇನ್ನೊಂದು ಸುಳ್ಳಾಗುವುದಿಲ್ಲ.

2025ರ ಆಗಸ್ಟ್‌ನಲ್ಲಿ ಕೇಂದ್ರ ತಂದ ಕಾಯ್ದೆಯನ್ನು ಓದುವಾಗ ನಮಗೆ ಇದೇ ನೆನಪಾಯಿತು. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ. ಆ. 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಯ ಅಂಕಿತ. ಎಪ್ಪತ್ತು ವರ್ಷಗಳ ಕಾಲ ಕೋರ್ಟುಗಳು ಎಳೆದಾಡಿದ ಕೌಶಲದ ಗೆರೆಯನ್ನು ಅದು ಒಂದೇ ಸಾಲಿನಲ್ಲಿ ಬದಿಗಿಟ್ಟಿದೆ. ಆಟ ಕೌಶಲದ್ದಾಗಲಿ, ಅದೃಷ್ಟದ್ದಾಗಲಿ, ಎರಡೂ ಸೇರಿದ್ದಾಗಲಿ, ಶುಲ್ಕ ಅಥವಾ ಠೇವಣಿ ಕಟ್ಟಿ ಪ್ರತಿಯಾಗಿ ದುಡ್ಡು ಗೆಲ್ಲುವ ನಿರೀಕ್ಷೆಯಿಂದ ಆಡಿದರೆ ಅದು 'ಹಣದ ಆಟ'. ಅಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಜಾಹೀರಾತು ಮಾಡಿದವರಿಗೆ ಎರಡು ವರ್ಷ, 50 ಲಕ್ಷ. ಹಣ ಸಾಗಿಸುವ ಬ್ಯಾಂಕುಗಳಿಗೂ ನಿಷೇಧ. ಆಡಿದವನಿಗೆ ಮಾತ್ರ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ, ಅವನನ್ನು ಸಂತ್ರಸ್ತ ಎಂದೇ ನೋಡಲಾಗಿದೆ. ಡ್ರೀಮ್ 11 ದುಡ್ಡಿನ ಸ್ಪರ್ಧೆ ನಿಲ್ಲಿಸಿತು. ಭಾರತ ತಂಡದ ಜೆರ್ಸಿಯಿಂದ ಅದರ ಹೆಸರು ಹೋಯಿತು, ಏಷ್ಯಾ ಕಪ್‌ನಲ್ಲಿ ನಮ್ಮವರು ಪ್ರಾಯೋಜಕರ ಹೆಸರಿಲ್ಲದ ಅಂಗಿ ಹಾಕಿ ಆಡಿದ್ದನ್ನು ನೀವೂ ನೋಡಿದ್ದೀರಿ.

ಕಂಪೆನಿಗಳು ಸುಮ್ಮನೆ ಕೂತಿಲ್ಲ. ರಮ್ಮಿ ಕಂಪೆನಿಯೊಂದು ಮೊದಲಿಗೆ ನಮ್ಮ ಹೈಕೋರ್ಟಿಗೇ ಬಂತು. ಬೇರೆ ಹೈಕೋರ್ಟುಗಳ ಅರ್ಜಿಗಳ ಜೊತೆ ಅದನ್ನೂ ಸುಪ್ರೀಂ ಕೋರ್ಟ್ ತನ್ನ ಬಳಿಗೆ ತರಿಸಿಕೊಂಡಿತು. 1957ರ ಗೆರೆಯನ್ನು ಸಂಸತ್ತು ಅಳಿಸಬಹುದೋ ಎಂಬುದೇ ಅಲ್ಲಿನ ವಾದದ ತಿರುಳು. ಸಾವಿರಾರು ಮಂದಿಯ ಕೆಲಸ ಹೋಯಿತು, ಸರಕಾರಕ್ಕೆ ಬರುತ್ತಿದ್ದ ತೆರಿಗೆ ಹೋಯಿತು, ಆಟಕ್ಕೆ ಸಿಗುತ್ತಿದ್ದ ಪ್ರಾಯೋಜಕತ್ವ ಹೋಯಿತು ಎಂಬ ಮಾತೂ ಇದೆ. ಅದು ಸುಳ್ಳಲ್ಲ. ಇದಕ್ಕೂ ಹಳೆಯ ಸಾಟಿ ಒಂದಿದೆ. ಇಸ್ಲಾಮಿಗೆ ಮುಂಚಿನ ಅರಬರ ಮೈಸಿರ್ ಆಟದ ವಿವರ ತಫ್ಸೀರ್ ಗ್ರಂಥಗಳಲ್ಲಿ ಬರುತ್ತದೆ. ಒಂಟೆ ಕೊಯ್ದು ಹತ್ತು ಬಾಣ ಚೀಲಕ್ಕೆ ಹಾಕುತ್ತಿದ್ದರು. ಏಳು ಬಾಣಕ್ಕೆ ಪಾಲು, ಮೂರು ಖಾಲಿ. ಖಾಲಿ ಬಾಣ ಬಂದವರು ಒಂಟೆಯ ಬೆಲೆ ಕೊಡಬೇಕು. ಗೆದ್ದವರು ಮಾಂಸವನ್ನು ತಾವು ತಿನ್ನದೆ ಬಡವರಿಗೆ ಹಂಚುತ್ತಿದ್ದರು. ಅಂದರೆ ಆ ಜೂಜಿನಲ್ಲಿ ಬಡವನ ಹೊಟ್ಟೆಯೂ ತುಂಬುತ್ತಿತ್ತು. ಕುರ್‌ಆನ್ ಅಲ್ ಬಖರಾ ಅಧ್ಯಾಯದಲ್ಲಿ ಅದರ ಪ್ರಯೋಜನವನ್ನು ಅಲ್ಲಗಳೆದಿಲ್ಲ, ಕೆಡುಕು ಅದಕ್ಕಿಂತ ದೊಡ್ಡದು ಎಂದಿತು. ಜಿಎಸ್‌ಟಿಯ ಲೆಕ್ಕ ಹೇಳುವವರನ್ನು ಕಂಡಾಗ ನಮಗೆ ಆ ಮಾಂಸದ ಪಾಲು ಕಣ್ಣ ಮುಂದೆ ಬರುತ್ತದೆ.

ಕಾಯ್ದೆ ಬಂತು, ಇನ್ನು ಚಿಂತೆ ಇಲ್ಲ ಎಂದು ಕೂರುವ ಹಾಗಿಲ್ಲ. ಹುಡುಗರ ಬಳಿ ಕೇಳಿದರೆ ಗೊತ್ತಾಗುತ್ತದೆ. ಉಚಿತ ಆ್ಯಪ್‌ನಲ್ಲಿ ತಂಡ ಕಟ್ಟುವುದು, ಅಂಕ ಅಲ್ಲಿಯದ್ದು, ದುಡ್ಡು ಮಾತ್ರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ. ಇಪ್ಪತ್ತು ಹುಡುಗರು ನೂರು ನೂರು ಗೂಗಲ್ ಪೇ ಮಾಡುತ್ತಾರೆ, ಗ್ರೂಪಿನ ಅಡ್ಮಿನ್ ಇನ್ನೂರು ಇಟ್ಟುಕೊಂಡು ಉಳಿದದ್ದು ಮೊದಲ ಮೂವರಿಗೆ. ಕಂಪೆನಿಯ ಜಾಗದಲ್ಲಿ ಈಗ ಪಕ್ಕದ ಮನೆಯವನು. ತನ್ನ ಖಾತೆಗೆ ಹೀಗೆ ಊರವರ ದುಡ್ಡು ತರಿಸಿ ಹಂಚುವ ಹುಡುಗನಿಗೆ ತಾನು 'ಆಡುವವನು' ಅಲ್ಲ, 'ನಡೆಸುವವನು' ಆಗಿದ್ದೇನೆ ಎಂದು ಗೊತ್ತೇ ಇರುವುದಿಲ್ಲ. ಕಾಯ್ದೆಯ ಕಣ್ಣಿರುವುದು ನಡೆಸುವವನ ಮೇಲೆ. ಇನ್ನು ಕೆಲವರು ಹೊರದೇಶದ ಬೆಟ್ಟಿಂಗ್ ಸೈಟುಗಳಿಗೆ ಹೋಗುತ್ತಾರೆ. ಅಲ್ಲಿ ಗೆದ್ದ ದುಡ್ಡು ಯಾರ್ಯಾರದೋ ಖಾತೆಯಿಂದ ಬರುತ್ತದೆ. ಆ ಖಾತೆಯ ಮೇಲೆ ಎಲ್ಲೋ ಒಂದು ವಂಚನೆಯ ದೂರು ಇದ್ದರೆ ನಿಮ್ಮ ಖಾತೆಯೂ ಬ್ಲಾಕ್ ಆಗಬಹುದು. ಗಲ್ಫಿನಿಂದ ಬಾಪ ಕಳಿಸಿದ ದುಡ್ಡು ಅದರೊಳಗೆ ಸಿಕ್ಕಿಬಿದ್ದರೆ ತೆಗೆಯಲು ಪರವೂರಿನ ಪೊಲೀಸ್ ಠಾಣೆಗೆ ಬರೆಯುತ್ತಾ ಕೂರಬೇಕು.

ಇಷ್ಟನ್ನೂ ಹುಡುಗನಿಗೆ ಹೇಳಿ ಮುಗಿಸಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಪ್ರಶ್ನೆ ಕೇಳಿದ. ಅದು ನಮ್ಮ ಕಾಲಬುಡಕ್ಕೇ ಬಂತು.

"ಹಾಗಾದ್ರೆ ನಮ್ಮ ಅಂಡರ್ ಆರ್ಮ್ ಟೂರ್ನಮೆಂಟ್ ಉಸ್ತಾದ್? ಇಪ್ಪತ್ತು ಟೀಮ್, ಒಂದೊಂದು ಟೀಮಿಗೆ 1,500 ಪ್ರವೇಶ ಶುಲ್ಕ. ಫಸ್ಟ್ ಪ್ರೈಝ್ 15 ಸಾವಿರ, ಸೆಕೆಂಡ್ 8 ಸಾವಿರ. ಅದೂ ಆಡುವವರದ್ದೇ ದುಡ್ಡಲ್ವಾ?"

ಕರಾವಳಿಯ ಯಾವ ಊರಿನಲ್ಲಿ ಈ ಟೂರ್ನಮೆಂಟ್ ಇಲ್ಲ ಹೇಳಿ. ಫ್ಲಡ್ ಲೈಟ್, ಮೈಕ್, ಬ್ಯಾನರ್. ಎರಡು ವರ್ಷ ಆ ವೇದಿಕೆಯಲ್ಲಿ ಕೂತು ಟ್ರೋಫಿ ಕೊಟ್ಟವರು ನಾವೇ. ಲೆಕ್ಕ ಹಾಕಿದೆವು. ಶುಲ್ಕ 30 ಸಾವಿರ ಒಟ್ಟಾಗುತ್ತದೆ, ಬಹುಮಾನಕ್ಕೆ 23 ಸಾವಿರ, ಉಳಿದದ್ದು ಲೈಟು, ಪೆಂಡಾಲಿಗೆ. ಇಲ್ಲಿ ಆಡುವವರು ತಾವೇ ಬೆವರು ಸುರಿಸಿ ಆಡುತ್ತಾರೆ, ಅದೊಂದು ವ್ಯತ್ಯಾಸ. ಆದರೆ ದುಡ್ಡು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಅದೇ. ಶುಲ್ಕವನ್ನು ಮೈದಾನದ ಖರ್ಚಿಗೆ ಮಾತ್ರ ಇಟ್ಟು, ಬಹುಮಾನವನ್ನು ಊರಿನ ದಾನಿಗಳಿಂದ ಬೇರೆಯೇ ತಂದರೆ ವಿಷಯ ಬೇರೆಯಾಗುತ್ತದೆ. ಅದರ ಮಸ್ಅಲವನ್ನು ಖತೀಬರ ಬಳಿ ಕೇಳಿ ನಿರ್ಧರಿಸಬೇಕು.

ಈ ಸಲದ ಬ್ಯಾನರ್ ಇನ್ನೂ ಪ್ರಿಂಟಿಗೆ ಹೋಗಿಲ್ಲವಂತೆ. ಬರುವ ಶುಕ್ರವಾರ ಅಸರ್ ಬಳಿಕ ಸಮಿತಿಯ ಸಭೆ ಇದೆ. ಹುಡುಗ ಅದರ ಜೊತೆ ಕಾರ್ಯದರ್ಶಿ. ಬಹುಮಾನಕ್ಕೆ ಬೇಕಾದ 23 ಸಾವಿರ ಕೇಳಲು ಯಾರ್ಯಾರ ಮನೆಗೆ ಹೋಗಬೇಕೆಂದು ಒಂದು ಪಟ್ಟಿ ಮಾಡಿ ತಂದಿದ್ದಾನೆ. ಪಟ್ಟಿಯಲ್ಲಿ ಮೊದಲ ಹೆಸರು ನಮ್ಮದು.